ಹಾಲ್ಟ್ ಬಸ್ಸಿನ ಕಲೆಕ್ಷನ್ ಎಲ್ಲಿ ಹೋಯಿತು?

2021ರ ಜೂನ್ 10ರಂದು ದೇಶದ ಕೋವಿಡ್ ಅಂಕಿಪಟ್ಟಿ ನೋಡಿದವರು ಬೆಚ್ಚಿಬಿದ್ದರು. ಒಂದೇ ದಿನ 6,148 ಸಾವು! ಎರಡನೇ ಅಲೆ ಇಳಿಯುತ್ತಿದೆ ಎಂದು ಜನ ನಿಟ್ಟುಸಿರು ಬಿಡುತ್ತಿದ್ದ ಹೊತ್ತು ಅದು. ಹಿಂದಿನ ದಿನ ಬಿಹಾರದ ಆರೋಗ್ಯ ಇಲಾಖೆ ತನ್ನ ಹಳೆಯ ಲೆಕ್ಕವನ್ನು ಮರುಪರಿಶೀಲಿಸಿ, ಬಿಟ್ಟುಹೋಗಿದ್ದ 3,951 ಸಾವುಗಳನ್ನು ಒಟ್ಟಿಗೇ ಸೇರಿಸಿ, ರಾಜ್ಯದ ಒಟ್ಟು ಸಂಖ್ಯೆ 9,429 ಎಂದು ಪ್ರಕಟಿಸಿತ್ತು. ಸಾವು ಸಂಭವಿಸಿದ್ದು ಹಿಂದೆ ಯಾವತ್ತೋ, ಗ್ರಾಫ್‌ನಲ್ಲಿ ಎದ್ದು ನಿಂತಿದ್ದು ಆ ದಿನ. ಅವನ್ನು ಬಿಟ್ಟು ನೋಡಿದರೆ ಅಂದಿನ ಸಂಖ್ಯೆ 2,197 ಮಾತ್ರ.

ಸುಳ್ಳು ಯಾರೂ ಬರೆದಿರಲಿಲ್ಲ. ಎರಡು ತಾರೀಕುಗಳು ಒಂದಾಗಿಬಿಟ್ಟಿದ್ದವು, ಅಷ್ಟೆ: ಘಟನೆ ನಡೆದ ದಿನ ಮತ್ತು ಅದರ ಸುದ್ದಿ ಲೆಕ್ಕದವರ ಕೈಗೆ ಬಂದ ದಿನ. ರಾತ್ರೋರಾತ್ರಿ ಡೇಟಾ ಎಳೆದುಕೊಂಡು ಬೆಳಿಗ್ಗೆ ರಿಪೋರ್ಟ್ ಕೊಡುವ ಯಾವ ಕಚೇರಿಯಲ್ಲಾದರೂ ಈ ತೊಡಕು ಇದ್ದೇ ಇರುತ್ತದೆ, ಅಲ್ಲಿ ಇಷ್ಟು ಎತ್ತರಕ್ಕೆ ಏಳುವುದಿಲ್ಲವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಒಂದು ಬಸ್ ಡಿಪೋ ಇದೆ ಎಂದುಕೊಳ್ಳೋಣ. ಅರವತ್ತು ಬಸ್ಸು. ಐವತ್ತನಾಲ್ಕು ರಾತ್ರಿ ಡಿಪೋಗೆ ಮರಳುತ್ತವೆ. ಕಂಡಕ್ಟರ್ ಟಿಕೆಟ್ ಮೆಷಿನ್ ಒಪ್ಪಿಸಿ, ವೇಬಿಲ್ ಮುಗಿಸಿ ಮನೆಗೆ ಹೋಗುತ್ತಾನೆ. ಉಳಿದ ಆರು ಹಾಲ್ಟ್ ಗಾಡಿಗಳು. ದೂರದ ಹಳ್ಳಿಯಲ್ಲಿ ರಾತ್ರಿ ತಂಗಿ, ಬೆಳಗಿನ ಮೊದಲ ಟ್ರಿಪ್ ಹೊಡೆದು, ಡಿಪೋ ಸೇರುವಾಗ ಹತ್ತು ಗಂಟೆ. ಆದರೆ ಕಂಪ್ಯೂಟರಿನಲ್ಲಿ ರಿಫ್ರೆಶ್ ಓಡುವುದು ಬೆಳಿಗ್ಗೆ ಆರಕ್ಕೆ, ಮತ್ತು ಅದಕ್ಕೆ ಹೇಳಿಕೊಟ್ಟಿರುವುದು ಒಂದೇ ಮಾತು: ನಿನ್ನೆಯ ತಾರೀಕಿನ ವೇಬಿಲ್‌ಗಳನ್ನು ತೆಗೆದುಕೋ.

ಮಂಗಳವಾರ ಆರು ಗಂಟೆಗೆ ಅದು ಸೋಮವಾರದ ಐವತ್ತನಾಲ್ಕು ಬಸ್ಸುಗಳ 6,48,000 ರೂಪಾಯಿ ತೆಗೆದುಕೊಂಡಿತು. ಹತ್ತು ಗಂಟೆಗೆ ಹಾಲ್ಟ್ ಗಾಡಿಗಳ 58,000 ಸೇರಿ ಸೋಮವಾರದ ನಿಜವಾದ ಲೆಕ್ಕ 7,06,000 ಆಯಿತು. ಬುಧವಾರ ಬೆಳಿಗ್ಗೆ ರಿಫ್ರೆಶ್ ಮತ್ತೆ ಓಡಿತು. ಅದಕ್ಕೀಗ ನಿನ್ನೆ ಎಂದರೆ ಮಂಗಳವಾರ. ಆ 58,000 ರಿಪೋರ್ಟಿಗೆ ಬರಲೇ ಇಲ್ಲ. ಹಣ ಬ್ಯಾಂಕಿನಲ್ಲಿದೆ, ಡಿಪೋದ ಪುಸ್ತಕದಲ್ಲಿದೆ, ಮೇಲಧಿಕಾರಿ ನೋಡುವ ಪರದೆಯಲ್ಲಿ ಮಾತ್ರ ಇಲ್ಲ. ಇದು ದಿನವೂ ನಡೆಯುತ್ತದೆ, ದಿನವೂ ಅದೇ ಆರು ರೂಟುಗಳಿಗೆ ನಡೆಯುತ್ತದೆ. ತಡವಾಗಿ ಬರುವ ದಾಖಲೆಗಳು ಎಲ್ಲೆಡೆಯಿಂದ ಒಂದೊಂದಾಗಿ ಬರುವುದಿಲ್ಲ. ದೂರದ ಊರು, ನೆಟ್‌ವರ್ಕ್ ಸಿಗದ ಮೂಲೆ, ಕಾಗದದಲ್ಲಿ ಬರೆಯುವ ಆಸ್ಪತ್ರೆ, ಇಂಥ ಕಡೆಯಿಂದಲೇ ಬರುತ್ತವೆ. ಮೂರು ತಿಂಗಳಾದ ಮೇಲೆ ಯಾರೋ ಈ ರಿಪೋರ್ಟ್ ಹಿಡಿದು ‘ಹಾಲ್ಟ್ ಬಸ್ಸಿನಿಂದ ಸಾಯಂಕಾಲ ಒಂದು ಪೈಸೆ ಹುಟ್ಟುತ್ತಿಲ್ಲ’ ಎಂದು ಷರಾ ಬರೆದರೆ ಆಶ್ಚರ್ಯಪಡಬೇಕಿಲ್ಲ.

ಇನ್ನೊಂದು ತೊಡಕು ಗುರುವಾರ ಬರುತ್ತದೆ. ಸೋಮವಾರ ಒಂದು ಬಸ್ಸಿನ ಮೆಷಿನ್ ಕೆಟ್ಟು, ಕಂಡಕ್ಟರ್ ಕಾಗದದ ಟಿಕೆಟ್ ಹರಿದಿದ್ದ. ಆ ವೇಬಿಲ್ ಕಂಪ್ಯೂಟರಿಗೆ ಏರಿಸುವಾಗ 4,900 ಬದಲು 9,400 ಎಂದು ಬಿದ್ದಿತ್ತು. ಲೆಕ್ಕ ತಾಳೆ ನೋಡುವವರು ಕಂಡುಹಿಡಿದು ತಿದ್ದಿದರು. ಸರಿಯಾದ ಮೊತ್ತ ಈಗ 7,01,500. ‘ಹೊಸದಾಗಿ ಬಂದ ಸಾಲುಗಳನ್ನೆಲ್ಲ ಕೆಳಗೆ ಸೇರಿಸುತ್ತ ಹೋಗು’ ಎಂದು ರಿಫ್ರೆಶ್‌ಗೆ ಹೇಳಿದ್ದರೆ ಹಳೆಯ 9,400 ಕೂಡ ಇರುತ್ತದೆ, ಹೊಸ 4,900 ಕೂಡ ಬಂದು ಕೂರುತ್ತದೆ; ಸೋಮವಾರ 7,10,900 ಆಗುತ್ತದೆ. ಮೊದಲು ಕಡಿಮೆ ತೋರಿಸಿದ್ದ ರಿಪೋರ್ಟ್ ಈಗ ಹೆಚ್ಚು ತೋರಿಸುತ್ತದೆ.

ಪರಿಹಾರ ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಪ್ರತಿದಿನ ನಿನ್ನೆಯೊಂದನ್ನೇ ತರದೆ, ಹಿಂದಿನ ಏಳು ದಿನವನ್ನೂ ಹೊಸದಾಗಿ ತರುವುದು. ಮತ್ತು ಸೇರಿಸುವ ಬದಲು ಆ ದಿನಗಳ ಹಳೆಯ ಸಾಲುಗಳನ್ನು ಅಳಿಸಿ ಆ ಜಾಗದಲ್ಲಿ ಕೂರಿಸುವುದು.

```sql
BEGIN;
DELETE FROM report
 WHERE trip_date >= CURRENT_DATE - 7;
INSERT INTO report
SELECT * FROM waybill
 WHERE trip_date >= CURRENT_DATE - 7;
COMMIT;
```

`BEGIN` ಮತ್ತು `COMMIT` ನಡುವೆ ಇರುವುದು ಒಂದೋ ಪೂರ್ತಿ ಆಗುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಅಳಿಸಿದ ಮೇಲೆ ಕರೆಂಟ್ ಹೋದರೂ ಹಳೆಯದು ಹಾಗೇ ಉಳಿಯುತ್ತದೆ. ಇದನ್ನು ದಿನಕ್ಕೆ ಹತ್ತು ಸಲ ಓಡಿಸಿದರೂ ಮೊತ್ತ ಎರಡಾಗುವುದಿಲ್ಲ. ಡಿಪೋದಲ್ಲಿ ರದ್ದಾದ ವೇಬಿಲ್ ಇಲ್ಲಿಂದಲೂ ತಾನಾಗಿ ಮಾಯವಾಗುತ್ತದೆ, ಸೇರಿಸುವ ಪದ್ಧತಿಯಲ್ಲಿ ಅದು ಆಗದ ಕೆಲಸ. ಒಂದು ಅಪಾಯವಿದೆ. ಮೂಲದ ಕಂಪ್ಯೂಟರ್ ಎಡವಟ್ಟಾಗಿ ಖಾಲಿ ಪಟ್ಟಿ ಕೊಟ್ಟರೆ, ಈ ಆಜ್ಞೆ ಏಳು ದಿನವನ್ನು ಚೊಕ್ಕಟವಾಗಿ ಗುಡಿಸಿ, ಯಾವ ದೂರೂ ಇಲ್ಲದೆ ಮುಗಿಯುತ್ತದೆ. ಅದಕ್ಕೇ ಅಳಿಸುವ ಮೊದಲು ಬಂದ ಸಾಲುಗಳನ್ನು ಎಣಿಸಿ, ಹಿಂದಿದ್ದುದಕ್ಕಿಂತ ತೀರಾ ಕಡಿಮೆಯಿದ್ದರೆ ಅಲ್ಲೇ ನಿಲ್ಲಿಸಬೇಕು.

ಏಳೇ ದಿನ ಯಾಕೆ? ಅದನ್ನು ಪಂಚಾಂಗ ನೋಡಿ ಹೇಳಲಾಗದು, ಅಳೆಯಬೇಕು. ಕಳೆದ ಮೂರು ತಿಂಗಳ ಪ್ರತಿ ವೇಬಿಲ್‌ಗೂ ಬಸ್ಸು ಓಡಿದ ದಿನಕ್ಕೂ ಆ ಸಾಲು ಕೊನೆಯ ಸಲ ಬದಲಾದ ದಿನಕ್ಕೂ ಎಷ್ಟು ಅಂತರವಿದೆ ಎಂದು ಎಣಿಸಿದರೆ ಗೊತ್ತಾಗುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಆರು ದಿನದೊಳಗೆ ನಿಂತರೆ ಏಳು ಸಾಕು. ಉಳಿದ ಒಂದಕ್ಕೆ ತಿಂಗಳಿಗೊಮ್ಮೆ ಅರವತ್ತು ದಿನದ ದೊಡ್ಡ ಬಲೆ ಬೀಸಿದರಾಯಿತು. ಆದರೆ ಈ ಅಳತೆಗೆ ಮೂಲದಲ್ಲಿ ‘ಕೊನೆಗೆ ತಿದ್ದಿದ ಸಮಯ’ ಎಂಬ ಕಾಲಂ ಇರಬೇಕು, ಅದನ್ನು ಪ್ರಾಮಾಣಿಕವಾಗಿ ತುಂಬುತ್ತಿರಲೂ ಬೇಕು. ಅದಿಲ್ಲದಿದ್ದರೆ ದಿನದಿನದ ಒಟ್ಟು ಮೊತ್ತವನ್ನು ಮೂಲದಲ್ಲೂ ನಕಲಿನಲ್ಲೂ ಅಕ್ಕಪಕ್ಕ ಇಟ್ಟು ತಾಳೆ ನೋಡುವುದೇ ಗತಿ. ಹೇಗೂ ಅದನ್ನು ಮಾಡುವುದು ಒಳ್ಳೆಯದೇ. ಹಾಲ್ಟ್ ಗಾಡಿಯ 58,000 ಮೊದಲು ಸಿಕ್ಕಿಬೀಳುವುದು ಅಲ್ಲೇ.

ದಿನಗಳನ್ನು ಅವುಗಳ ಜಾಗಕ್ಕೆ ಸೇರಿಸಿದರೆ ಎಷ್ಟು ವ್ಯತ್ಯಾಸ ಎಂಬುದನ್ನು ಇಂಗ್ಲೆಂಡ್ ತೋರಿಸಿತ್ತು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಕೋವಿಡ್ ಪ್ರಕರಣಗಳು ಹಳೆಯ ಮಾದರಿಯ ಎಕ್ಸೆಲ್ ಫೈಲಿನಲ್ಲಿ ಜಾಗ ಸಾಲದೆ ಉದುರಿಹೋದವು. ಆ ಮಾದರಿ ಹಿಡಿಯುವುದು 65,536 ಸಾಲು ಮಾತ್ರ. ಅವನ್ನು ಆಮೇಲೆ ಸೇರಿಸಿದಾಗ ಅಕ್ಟೋಬರ್ 4ರ ಸಂಖ್ಯೆ 22,961ಕ್ಕೆ ಹಾರಿತು. ಇದು ವರದಿಯಾದ ದಿನದ ಗ್ರಾಫ್. ಸ್ಯಾಂಪಲ್ ತೆಗೆದ ದಿನದ ಗ್ರಾಫ್‌ನಲ್ಲಿ ಅದೇ ಪ್ರಕರಣಗಳು ತಂತಮ್ಮ ದಿನಕ್ಕೆ ಹೋಗಿ ಕೂತವು, ಆ ಗೋಪುರ ಅಲ್ಲಿ ಏಳಲೇ ಇಲ್ಲ.

ಲೆಕ್ಕ ಸರಿಯಾದ ಮೇಲೆ ಜಗಳ ಮುಗಿಯಿತೇ ಎಂದರೆ, ಶುಕ್ರವಾರ ಹೊಸದು ಶುರುವಾಗುತ್ತದೆ. ‘ಮಂಗಳವಾರ 6,48,000 ಅಂದ್ರಿ, ಈಗ 7,01,500 ಅಂತೀರಲ್ರೀ, ಯಾವುದು ನಿಜ?’ ಎಂದು ಮೇಲಿನ ಕಚೇರಿಯಿಂದ ಫೋನು. ಹಳೆಯದನ್ನು ಅಳಿಸಿ ಬರೆದಿದ್ದರಿಂದ ತೋರಿಸಲು ಏನೂ ಉಳಿದಿಲ್ಲ. ಹಿಂದೆ ಲೆಕ್ಕದ ಗುಮಾಸ್ತರು ತಪ್ಪು ಅಂಕಿಯ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕುತ್ತಿದ್ದರು. ಇಲ್ಲೂ ಅದೇ ಬೇಕು: ರಿಫ್ರೆಶ್ ಮುಗಿದಾಗಲೆಲ್ಲ ಬಸ್ಸು ಓಡಿದ ದಿನ, ನಾವು ನೋಡಿದ ದಿನ, ಮೊತ್ತ ಎಂಬ ಮೂರೇ ಕಾಲಮಿನ ಪುಟ್ಟ ಪಟ್ಟಿಗೆ ಒಂದೊಂದು ಸಾಲು. ಸೋಮವಾರಕ್ಕೆ ಅಲ್ಲಿ ಮಂಗಳವಾರ ಕಂಡ 6,48,000, ಬುಧವಾರದ 7,06,000, ತಿದ್ದುಪಡಿಯಾದ ಮೇಲೆ ಶುಕ್ರವಾರದ 7,01,500 ಮೂರೂ ಸಿಗುತ್ತವೆ. ಫೋನಿಗೆ ಉತ್ತರ ಒಂದು ನಿಮಿಷದ ಕೆಲಸ.

ತಿಂಗಳ ಲೆಕ್ಕ ಮುಗಿಸಿ ಸಹಿ ಬಿದ್ದ ಮೇಲೆ ಬರುವ ತಿದ್ದುಪಡಿಯ ದಾರಿಯೇ ಬೇರೆ. ಮುಚ್ಚಿದ ತಿಂಗಳನ್ನು ಕೆದಕದೆ, ನಡೆಯುತ್ತಿರುವ ತಿಂಗಳಲ್ಲಿ ಹೊಂದಾಣಿಕೆ ಎಂದು ಬರೆದು, ಮೂಲ ತಾರೀಕನ್ನು ಪಕ್ಕದಲ್ಲಿ ನಮೂದಿಸುವುದು ಲೆಕ್ಕಿಗರ ರೂಢಿ.

ಇಷ್ಟೆಲ್ಲ ಮಾಡಿದರೂ ಮಂಗಳವಾರ ಬೆಳಿಗ್ಗೆ ಆರಕ್ಕೆ ಸೋಮವಾರದ ಪೂರ್ತಿ ಲೆಕ್ಕ ಯಾರಿಗೂ ಸಿಗುವುದಿಲ್ಲ, ಹಾಲ್ಟ್ ಗಾಡಿ ಇನ್ನೂ ಹಳ್ಳಿಯಲ್ಲೇ ಇದೆ. ಬ್ರಿಟನ್ನಿನ ಕೋವಿಡ್ ಡ್ಯಾಶ್‌ಬೋರ್ಡ್ ಕೊನೆಯ ಐದು ದಿನಗಳು ಅಪೂರ್ಣ ಎಂದು ಗುರುತು ಹಾಕಿಯೇ ತೋರಿಸುತ್ತಿತ್ತು. ಡಿಪೋದ ಪರದೆಯಲ್ಲೂ 6,48,000ದ ಕೆಳಗೆ ‘60ರಲ್ಲಿ 54 ಬಸ್ಸಿನ ವೇಬಿಲ್ ಬಂದಿದೆ’ ಎಂದು ಒಂದು ಸಾಲು ಹಾಕಿದರೆ, ಮ್ಯಾನೇಜರು ಹತ್ತೂವರೆಯವರೆಗೆ ಕಾದು ನೋಡುತ್ತಾರೆ.