ಇಳಿಜಾರಿನಲ್ಲಿ ಪುಟಿಯುವ ಪಾತ್ರ

ಮೂರು ಆಯಾಮದ ವಿಡಿಯೊ ಗೇಮ್ ಕಟ್ಟಲು ಕೂತವರು ಮೊದಲು ಸಮತಟ್ಟಾದ ನೆಲ ಹಾಸಿಕೊಳ್ಳುತ್ತಾರೆ. ಅದರ ಮೇಲೆ ಪಾತ್ರ ಓಡುತ್ತದೆ, ಜಿಗಿಯುತ್ತದೆ, ನಿಲ್ಲುತ್ತದೆ. ಎಲ್ಲ ಸರಿ ಇದೆ ಎನಿಸಿದ ಮೇಲೆ ಒಂದು ರ‍್ಯಾಂಪ್ ತಂದಿಡುತ್ತಾರೆ. ಹತ್ತುವಾಗ ಏನೂ ತೊಂದರೆ ಕಾಣುವುದಿಲ್ಲ. ಇಳಿಯುವಾಗ ಮಾತ್ರ ಪಾತ್ರ ಪುಟಿಯುತ್ತಾ ಹೋಗುತ್ತದೆ. ಓಡುವ ಕಾಲುಗಳು ನಡುನಡುವೆ ಬೀಳುವ ಭಂಗಿಗೆ ತಿರುಗುತ್ತವೆ, ಹೆಜ್ಜೆ ಸದ್ದು ತುಂಡುತುಂಡಾಗುತ್ತದೆ, ಜಿಗಿಯುವ ಗುಂಡಿ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುವುದಿಲ್ಲ. ಪಕ್ಕದಲ್ಲೇ ಕಡಿದಾದ ಗುಡ್ಡವೊಂದಿದ್ದರೆ ಅಲ್ಲಿ ಇದಕ್ಕೆ ತದ್ವಿರುದ್ಧ. ಯಾರೂ ಹತ್ತಬಾರದು ಎಂದು ಇಟ್ಟ ಆ ಗುಡ್ಡಕ್ಕೆ ಮುಖ ಮಾಡಿ ಓಡಿದರೆ ಸಾಕು, ಪಾತ್ರ ಮೇಲಕ್ಕೆ ಜಾರಿಕೊಂಡು ನೆತ್ತಿ ಸೇರುತ್ತದೆ.

ಈ ಎರಡು ದೋಷಗಳ ಬೇರು ಒಂದೇ. ಗೇಮ್‌ನೊಳಗಿನ ಪಾತ್ರಕ್ಕೆ ನಿಜವಾದ ಕಾಲುಗಳಿಲ್ಲ. ತೆರೆಯ ಮೇಲೆ ಕಾಣುವ ಚಿತ್ರದ ಹಿಂದೆ ಮಾತ್ರೆಯ ಆಕಾರದ ಒಂದು ಕಾಣದ ಗೂಡು ಇರುತ್ತದೆ. ಗೇಮ್ ಎಂಜಿನ್ ಅದನ್ನು ‘ಕ್ಯಾಪ್ಸೂಲ್’ ಎಂದು ಕರೆಯುತ್ತದೆ. ಸೆಕೆಂಡಿಗೆ ಸಾಮಾನ್ಯವಾಗಿ 60 ಸಲ ಎಂಜಿನ್ ಆ ಗೂಡನ್ನು ಒಂದಿಷ್ಟು ಸರಿಸಿ, ಯಾವುದಕ್ಕಾದರೂ ತಾಗಿತೇ ಎಂದು ನೋಡುತ್ತದೆ. ಪಾತ್ರ ನೆಲದ ಮೇಲಿದೆಯೋ ಗಾಳಿಯಲ್ಲಿದೆಯೋ ಎಂಬ ತೀರ್ಮಾನವೂ ಸೆಕೆಂಡಿಗೆ 60 ಸಲ ಹೊಸದಾಗಿಯೇ ಆಗುತ್ತದೆ. ನೆಲ ಯಾವುದು, ಅದರ ಮೇಲೆ ನಿಂತಿರುವುದು ಎಂದರೇನು ಎಂಬುದನ್ನು ನಾವು ಹೇಳಿಕೊಡದಿದ್ದರೆ ಎಂಜಿನ್‌ಗೆ ತಿಳಿಯುವುದಿಲ್ಲ.

ಇಳಿಯುವಾಗ ಆಗುವುದನ್ನು ಲೆಕ್ಕ ಹಾಕಿ ನೋಡೋಣ. ಪಾತ್ರ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡುತ್ತಿದೆ, ರ‍್ಯಾಂಪ್‌ನ ಇಳಿಜಾರು 30 ಡಿಗ್ರಿ ಎಂದುಕೊಳ್ಳಿ. ಒಂದು ಸಲ ಸರಿಸಿದಾಗ, ಅಂದರೆ ಒಂದು ಟಿಕ್‌ನಲ್ಲಿ, ಪಾತ್ರ 10 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಕೆಳಗಿನ ನೆಲ ಸುಮಾರು 5.8 ಸೆಂಟಿಮೀಟರ್ ತಗ್ಗಿರುತ್ತದೆ. ಆದರೆ ಗುರುತ್ವಾಕರ್ಷಣೆ ಆ ಒಂದು ಟಿಕ್‌ನಲ್ಲಿ ಪಾತ್ರವನ್ನು ಕೆಳಗೆ ಎಳೆಯುವುದು 3 ಮಿಲಿಮೀಟರಿಗೂ ಕಡಿಮೆ. ಹೀಗಾಗಿ ಪಾತ್ರ ಗಾಳಿಯಲ್ಲಿ ಉಳಿಯುತ್ತದೆ. ನೆಲ ತಗ್ಗುತ್ತಲೇ ಇರುತ್ತದೆ, ಬೀಳುವ ವೇಗ ನಿಧಾನವಾಗಿ ಏರುತ್ತದೆ. ಕೊನೆಗೆ ಪಾತ್ರ ಮತ್ತೆ ರ‍್ಯಾಂಪ್ ಮುಟ್ಟುವುದು ಸುಮಾರು 0.7 ಸೆಕೆಂಡಿನ ನಂತರ, 4.2 ಮೀಟರ್ ಆಚೆ. ನೆಲ ಮುಟ್ಟಿದ ಕೂಡಲೇ ಎಂಜಿನ್ ಲಂಬ ವೇಗವನ್ನು ಸೊನ್ನೆ ಮಾಡುತ್ತದೆ, ಇದೇ ಕಥೆ ಮೊದಲಿಂದ ಶುರುವಾಗುತ್ತದೆ. ನಾವು ಪುಟಿಯುವುದು ಎಂದುಕೊಳ್ಳುವುದು ನಿಜವಾಗಿ ಸಣ್ಣ ಸಣ್ಣ ಬೀಳುವಿಕೆಗಳ ಸರಣಿ. ಪಾತ್ರವನ್ನು ಮೇಲಕ್ಕೆ ಎಸೆಯುವಂಥದ್ದು ಅಲ್ಲಿ ಏನೂ ಇಲ್ಲ.

ಈ ಕಾರಣ ತಿಳಿಯದವರು ಮೊದಲು ಕೈಹಾಕುವುದು ಗುರುತ್ವಾಕರ್ಷಣೆಗೆ. ಅದನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಪ್ರತಿ ಬೀಳುವಿಕೆ 4.2 ಮೀಟರಿನಿಂದ ಸುಮಾರು ಒಂದು ಮೀಟರಿಗೆ ಇಳಿಯುತ್ತದೆ. ಪುಟಿತ ನಿಲ್ಲುವುದಿಲ್ಲ, ಬರೀ ನಡುಕವಾಗುತ್ತದೆ. ಅದರ ಜೊತೆಗೆ ಜಿಗಿತದ ಎತ್ತರವೂ ಕಾಲು ಭಾಗಕ್ಕೆ ಕುಸಿಯುತ್ತದೆ. ಎರಡನೆಯ ಉಪಾಯ, ನೆಲದ ಮೇಲಿರುವಾಗಲೂ ಪಾತ್ರವನ್ನು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಕೆಳಗೆ ಒತ್ತುತ್ತಿರುವುದು. ಯೂನಿಟಿ ಎಂಜಿನ್ ಬಳಸುವವರಲ್ಲಿ ಇದು ತುಂಬಾ ಚಾಲ್ತಿಯಲ್ಲಿದೆ. ಇದು ಕೆಲಸ ಮಾಡುತ್ತದೆ, ಆದರೆ ಒಂದು ಮಿತಿಯವರೆಗೆ. 6 ಮೀಟರ್ ವೇಗದಲ್ಲಿ ಓಡುವ ಪಾತ್ರ 30 ಡಿಗ್ರಿ ಇಳಿಜಾರಿಗೆ ಅಂಟಿಕೊಳ್ಳಬೇಕಾದರೆ ಕೆಳಮುಖ ವೇಗ ಸುಮಾರು 3.5 ಮೀಟರ್ ಬೇಕು. 2 ಮೀಟರ್ ಸಾಕಾಗುವುದು 18 ಡಿಗ್ರಿಯವರೆಗೆ ಮಾತ್ರ. ಜೊತೆಗೆ, ಅಂಚಿನಿಂದ ಕಾಲು ಹೊರಗಿಟ್ಟ ಕ್ಷಣದಲ್ಲೇ ಪಾತ್ರ ಆ ವೇಗದಿಂದಲೇ ಬೀಳಲು ಶುರು ಮಾಡುತ್ತದೆ. ಬೀಳುವಿಕೆ ಅಸಹಜವಾಗಿ ಕಾಣುವುದು ಇದರಿಂದಲೇ.

ಸರಿಯಾದ ಪರಿಹಾರಕ್ಕೆ ಗ್ರೌಂಡ್ ಸ್ನ್ಯಾಪಿಂಗ್ ಎಂದು ಹೆಸರು. ಇಲ್ಲಿ ವೇಗವನ್ನು ಮುಟ್ಟುವುದೇ ಇಲ್ಲ. ಪಾತ್ರವನ್ನು ಸರಿಸಿಯಾದ ಮೇಲೆ ಎಂಜಿನ್ ಒಂದು ಪ್ರಶ್ನೆ ಕೇಳಿಕೊಳ್ಳುತ್ತದೆ: ಹಿಂದಿನ ಟಿಕ್‌ನಲ್ಲಿ ಇದು ನೆಲದ ಮೇಲಿತ್ತು, ಈಗ ಇಲ್ಲ, ಹಾಗಾದರೆ ನೇರ ಕೆಳಗೆ, ಇಷ್ಟು ದೂರದೊಳಗೆ, ನಿಲ್ಲಬಹುದಾದ ನೆಲ ಇದೆಯೇ? ಇದ್ದರೆ ಅದೇ ಟಿಕ್‌ನಲ್ಲಿ ಪಾತ್ರವನ್ನು ಅಲ್ಲಿಗೆ ಇಳಿಸಿ ‘ನೆಲದ ಮೇಲಿದೆ’ ಎಂದೇ ಗುರುತಿಸುತ್ತದೆ. ಇಲ್ಲದಿದ್ದರೆ ಪಾತ್ರ ನಿಜವಾಗಿಯೂ ಬೀಳುತ್ತಿದೆ ಎಂದರ್ಥ, ಬೀಳಲು ಬಿಡುತ್ತದೆ.

ಇದರಲ್ಲಿ ಜೀವಾಳವಿರುವುದು ‘ಇಷ್ಟು ದೂರ’ ಎಂಬುದರಲ್ಲಿ. ಉಚಿತವಾಗಿ ಸಿಗುವ ಗೋಡೋ 4 ಎಂಜಿನ್‌ನಲ್ಲಿ ಇದರ ಹೆಸರು `floor_snap_length`. ಮೂರು ಆಯಾಮದ ಪಾತ್ರಗಳಿಗೆ ಅದರ ಮೂಲ ಬೆಲೆ 0.1, ಅಂದರೆ 10 ಸೆಂಟಿಮೀಟರ್. ನಮ್ಮ ಉದಾಹರಣೆಗೆ ಬೇಕಾದದ್ದು 5.8 ಸೆಂಟಿಮೀಟರ್, ಆದ್ದರಿಂದ ಸಮಸ್ಯೆಯಿಲ್ಲ. ಆದರೆ ಅದೇ ಪಾತ್ರಕ್ಕೆ ಸೆಕೆಂಡಿಗೆ 10 ಮೀಟರ್ ವೇಗದ ಓಟ ಕೊಟ್ಟು 40 ಡಿಗ್ರಿ ರ‍್ಯಾಂಪ್‌ನಲ್ಲಿ ಇಳಿಸಿ. ಒಂದು ಟಿಕ್‌ನಲ್ಲಿ ನೆಲ 14 ಸೆಂಟಿಮೀಟರ್ ತಗ್ಗುತ್ತದೆ. 10 ಸೆಂಟಿಮೀಟರ್ ಕೆಳಗೆ ಹುಡುಕಿದ ಎಂಜಿನ್‌ಗೆ ನೆಲ ಸಿಗುವುದಿಲ್ಲ, ಪುಟಿತ ಮರಳುತ್ತದೆ. ‘ನಡೆದರೆ ಸರಿ, ಜೋರಾಗಿ ಓಡಿದರೆ ಮಾತ್ರ ಪುಟಿಯುತ್ತದೆ’ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಈ ಅಳತೆಯನ್ನೇ. ಪಾತ್ರದ ಗರಿಷ್ಠ ವೇಗವನ್ನು ಸೆಕೆಂಡಿನ ಟಿಕ್‌ಗಳ ಸಂಖ್ಯೆಯಿಂದ ಭಾಗಿಸಿ, ನಡೆಯಬಹುದಾದ ಅತಿ ಕಡಿದಾದ ಕೋನದ ಟ್ಯಾಂಜೆಂಟ್‌ನಿಂದ ಗುಣಿಸಿದರೆ ಕನಿಷ್ಠ ಎಷ್ಟು ಬೇಕೆಂದು ಸಿಗುತ್ತದೆ. 10 ಮೀಟರ್ ವೇಗ, 46 ಡಿಗ್ರಿ ಮಿತಿ ಎಂದರೆ ಸುಮಾರು 17 ಸೆಂಟಿಮೀಟರ್. ಸ್ವಲ್ಪ ಉಳಿತಾಯವಿಟ್ಟು 20 ಎಂದು ಕೊಟ್ಟರೆ ಸಾಕು.

```gdscript
floor_max_angle = deg_to_rad(46)
floor_snap_length = 0.2
```

ಇನ್ನೂ ಹೆಚ್ಚು ಕೊಟ್ಟರೆ ಕ್ಷೇಮ ಎಂದು ಅರ್ಧ ಮೀಟರ್ ಕೊಡುವವರಿದ್ದಾರೆ. ಆಗ 40 ಸೆಂಟಿಮೀಟರ್ ಎತ್ತರದ ಕಟ್ಟೆಯಿಂದ ಹೊರಗೆ ಹೆಜ್ಜೆಯಿಟ್ಟ ಪಾತ್ರ ಬೀಳುವುದೇ ಇಲ್ಲ. ಒಂದೇ ಟಿಕ್‌ನಲ್ಲಿ ಕೆಳಗೆ ಪ್ರತ್ಯಕ್ಷವಾಗುತ್ತದೆ, ಅದರ ಜೊತೆ ಕ್ಯಾಮೆರಾವೂ ಧಡಕ್ಕನೆ ಇಳಿಯುತ್ತದೆ. ಜಿಗಿತಕ್ಕೂ ಅಪಾಯವಿದೆ. ಜಿಗಿದ ಮೊದಲ ಟಿಕ್‌ನಲ್ಲಿ ಪಾತ್ರ ನೆಲದಿಂದ ಕೆಲವೇ ಸೆಂಟಿಮೀಟರ್ ಮೇಲಿರುತ್ತದೆ, ಸ್ನ್ಯಾಪಿಂಗ್ ಅದನ್ನು ಮತ್ತೆ ಕೆಳಗೆ ಎಳೆದರೆ ಜಿಗಿತವೇ ಸತ್ತಂತೆ. ಗೋಡೋ 4ರಲ್ಲಿ ವೇಗ ಮೇಲ್ಮುಖವಾಗಿದ್ದರೆ ಸ್ನ್ಯಾಪಿಂಗ್ ತಾನಾಗಿಯೇ ಸುಮ್ಮನಿರುತ್ತದೆ. ಸ್ವಂತವಾಗಿ ಬರೆದುಕೊಳ್ಳುವವರು ಮಾತ್ರ ಈ ನಿಬಂಧನೆಯನ್ನು ಮರೆಯಬಾರದು.

ಇನ್ನು ಕಡಿದಾದ ಗುಡ್ಡದ ವಿಷಯ. ಯಾವುದೇ ಮೇಲ್ಮೈಗೆ ನೆಟ್ಟಗೆ ಹೊರಮುಖವಾಗಿ ಚಾಚಿದ ಬಾಣವೊಂದನ್ನು ಊಹಿಸಿಕೊಳ್ಳಿ. ಇದಕ್ಕೆ ನಾರ್ಮಲ್ ಎನ್ನುತ್ತಾರೆ. ಸಮತಟ್ಟಾದ ನೆಲದ ನಾರ್ಮಲ್ ನೇರ ಮೇಲಕ್ಕಿರುತ್ತದೆ, ಗೋಡೆಯದು ಅಡ್ಡಲಾಗಿರುತ್ತದೆ, ಇಳಿಜಾರಿನದು ನಡುವೆ ಎಲ್ಲೋ ವಾಲಿರುತ್ತದೆ. ಆ ವಾಲಿಕೆ ಒಂದು ಮಿತಿಯೊಳಗಿದ್ದರೆ ಅದು ನೆಲ, ದಾಟಿದರೆ ಗೋಡೆ. ಈ ಗೆರೆಯೇ ಸ್ಲೋಪ್ ಲಿಮಿಟ್. ಗೋಡೋ ಮತ್ತು ಯೂನಿಟಿ ಎರಡರಲ್ಲೂ ಅದರ ಮೂಲ ಬೆಲೆ 45 ಡಿಗ್ರಿ.

ಮಿತಿ ಇದ್ದೂ ಪಾತ್ರ ಮೇಲಕ್ಕೆ ಜಾರುವುದೇಕೆ? ಡಿಕ್ಕಿಯಾದಾಗ ಎಂಜಿನ್ ಮಾಡುವುದು ಸರಳ ಕೆಲಸ: ಮೇಲ್ಮೈಯೊಳಕ್ಕೆ ನುಗ್ಗುವ ವೇಗವನ್ನು ಕಳೆದು, ಅದರ ಉದ್ದಕ್ಕೆ ಇರುವ ವೇಗವನ್ನು ಉಳಿಸುತ್ತದೆ. 60 ಡಿಗ್ರಿ ಗುಡ್ಡಕ್ಕೆ 6 ಮೀಟರ್ ವೇಗದಲ್ಲಿ ನೇರ ನುಗ್ಗಿದರೆ ಗುಡ್ಡದ ಉದ್ದಕ್ಕೆ 3 ಮೀಟರ್ ವೇಗ ಉಳಿಯುತ್ತದೆ. ಅದರಲ್ಲಿ 2.6 ಮೀಟರ್ ಮೇಲ್ಮುಖ. ಗುರುತ್ವಾಕರ್ಷಣೆ ಒಂದು ಟಿಕ್‌ನಲ್ಲಿ ಕಳೆಯುವುದು 0.16 ಮೀಟರ್ ಮಾತ್ರ. ಮುಂದಿನ ಟಿಕ್‌ನಲ್ಲಿ, ಗುಂಡಿ ಒತ್ತಿಹಿಡಿದಿರುವುದರಿಂದ, ಕೋಡ್ ಮತ್ತೆ ಪೂರ್ತಿ 6 ಮೀಟರ್ ಅಡ್ಡ ವೇಗ ತುಂಬುತ್ತದೆ. ಹಳೆಯ ಮೇಲ್ಮುಖ ವೇಗದ ಮೇಲೆ ಹೊಸದು ಸೇರಿ ಎರಡನೆಯ ಟಿಕ್‌ಗೇ 4 ಮೀಟರ್ ದಾಟುತ್ತದೆ, ಹೀಗೇ ಏರಿ 10ರ ಹತ್ತಿರ ಹೋಗಿ ನಿಲ್ಲುತ್ತದೆ. ಗುಡ್ಡವನ್ನು ‘ನೆಲವಲ್ಲ’ ಎಂದು ಗುರುತಿಸಿದರಷ್ಟೇ ಸಾಲದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ನಿಂತು ಜಿಗಿಯುವುದನ್ನು ಅದು ತಪ್ಪಿಸುತ್ತದೆ, ಹತ್ತುವುದನ್ನು ತಪ್ಪಿಸುವುದಿಲ್ಲ.

ಅದಕ್ಕಾಗಿ ಕಡಿದಾದ ಮೇಲ್ಮೈಯನ್ನು ನೆಟ್ಟನೆಯ ಗೋಡೆ ಎಂದೇ ಬಗೆಯಬೇಕು. ನಾರ್ಮಲ್‌ನ ಮೇಲ್ಮುಖ ಭಾಗವನ್ನು ಅಳಿಸಿ, ಉಳಿದ ಅಡ್ಡ ದಿಕ್ಕನ್ನು ಮಾತ್ರ ಇಟ್ಟುಕೊಂಡು, ಅದರತ್ತ ನುಗ್ಗುವ ವೇಗವನ್ನು ಪಾತ್ರ ಸರಿಯುವ ಮುನ್ನವೇ ತೆಗೆಯಬೇಕು:

```gdscript
n = Vector3(n.x, 0, n.z).normalized()
if velocity.dot(n) < 0:
    velocity = velocity.slide(n)
```

ಈಗ ನೇರ ನುಗ್ಗಿದ ಪಾತ್ರ ನಿಲ್ಲುತ್ತದೆ, ಓರೆಯಾಗಿ ನುಗ್ಗಿದ್ದು ಗುಡ್ಡದ ಬುಡದಲ್ಲೇ ಪಕ್ಕಕ್ಕೆ ಸರಿಯುತ್ತದೆ, ಮೇಲಿಂದ ಬಿದ್ದದ್ದು ಕೆಳಗೆ ಜಾರುತ್ತದೆ. ಗೋಡೋದಲ್ಲಿ `floor_block_on_wall` ಎಂಬ ಆಯ್ಕೆ ಇದೇ ಉದ್ದೇಶಕ್ಕಿದೆ, ಮೊದಲಿನಿಂದಲೂ ಚಾಲೂ ಇರುತ್ತದೆ. ಹೆಚ್ಚಿನವರಿಗೆ ಅದೇ ಸಾಕು.

ಎರಡೂ ವ್ಯವಸ್ಥೆ ಮಾಡಿದ ಮೇಲೂ ಒಂದು ಜಾಗದಲ್ಲಿ ನಡುಕ ಉಳಿಯಬಹುದು: ರ‍್ಯಾಂಪ್ ಸರಿಯಾಗಿ 45 ಡಿಗ್ರಿ, ಮಿತಿಯೂ 45 ಡಿಗ್ರಿ ಇರುವಲ್ಲಿ. ಕಂಪ್ಯೂಟರ್ ದಶಮಾಂಶಗಳನ್ನು ಲೆಕ್ಕ ಹಾಕುವಾಗ ಕೊನೆಯ ಅಂಕಿಗಳಲ್ಲಿ ಸಣ್ಣ ತಪ್ಪು ಉಳಿಯುತ್ತದೆ. ಹಾಗಾಗಿ ಅದೇ ಮೇಲ್ಮೈ ಒಂದು ಟಿಕ್‌ನಲ್ಲಿ ನೆಲ, ಮರು ಟಿಕ್‌ನಲ್ಲಿ ಗೋಡೆ ಎನಿಸಿಕೊಳ್ಳಬಹುದು. ನಡೆಯುವ ರ‍್ಯಾಂಪ್‌ಗಳನ್ನು 40 ಡಿಗ್ರಿಯೊಳಗೆ, ತಡೆಯುವ ಗುಡ್ಡಗಳನ್ನು 50ರಿಂದ ಮೇಲೆ ಕಟ್ಟಿ, ಮಿತಿಯನ್ನು ನಡುವೆ 46ರಲ್ಲಿ ಇಟ್ಟರೆ ಈ ಗೊಂದಲ ಹುಟ್ಟುವುದೇ ಇಲ್ಲ. ತೊಂದರೆ ಯಾವುದೆಂದು ತಿಳಿಯಲು ಪ್ರತಿ ಟಿಕ್‌ನಲ್ಲೂ `is_on_floor()` ಮತ್ತು `get_floor_angle()` ಕೊಡುವ ಉತ್ತರಗಳನ್ನು ತೆರೆಯ ಮೇಲೆ ಬರೆಸಬೇಕು. ಇಳಿಯುವಾಗ ಮಾತ್ರ `false` ಕಂಡರೆ ಸ್ನ್ಯಾಪ್ ದೂರ ಸಾಲದು. ರ‍್ಯಾಂಪ್ ಮೇಲೆ ಸುಮ್ಮನೆ ನಿಂತಾಗಲೂ `true`, `false` ಎಂದು ಬದಲಾಗುತ್ತಿದ್ದರೆ ಕೋನ ಮಿತಿಗೆ ತೀರಾ ಹತ್ತಿರವಿದೆ.

ಮೇಲಕ್ಕೆ ಜಾರುವುದು ಎಲ್ಲ ಕಡೆಯೂ ದೋಷವಲ್ಲ. 1996ರಲ್ಲಿ ಬಂದ ಕ್ವೇಕ್ ಗೇಮ್‌ನ ಕೋಡ್‌ನಲ್ಲಿ ನಾರ್ಮಲ್‌ನ ಮೇಲ್ಮುಖ ಭಾಗ 0.7 ದಾಟಿದರೆ ಮಾತ್ರ ಅದು ನೆಲ. ಕೋನದಲ್ಲಿ ಹೇಳುವುದಾದರೆ ಸುಮಾರು 45.6 ಡಿಗ್ರಿಯೊಳಗೆ. ಅಂತರ್ಜಾಲದಲ್ಲಿ ಆಡಲೆಂದು ಬಂದ ಕ್ವೇಕ್‌ವರ್ಲ್ಡ್ ಆವೃತ್ತಿಯಲ್ಲಿ ಇನ್ನೊಂದು ನಿಯಮವಿದೆ: ಮೇಲ್ಮುಖ ವೇಗ 180 ಯೂನಿಟ್ ಮೀರಿದರೆ ಪಾತ್ರ ಗಾಳಿಯಲ್ಲಿದೆ ಎಂದೇ ಲೆಕ್ಕ. ಸಾಮಾನ್ಯ ಓಟದ ವೇಗವಾದ 320ರಲ್ಲಿ 30 ಡಿಗ್ರಿ ರ‍್ಯಾಂಪ್‌ಗೆ ಬಂದರೆ ಮೇಲ್ಮುಖ ವೇಗ ಸುಮಾರು 139, ಪಾತ್ರ ನಡೆದೇ ಹತ್ತುತ್ತದೆ. ಜಿಗಿಜಿಗಿದು 500ರ ವೇಗ ಗಳಿಸಿ ಬಂದರೆ ಅದು 216 ಆಗುತ್ತದೆ. ಆಗ ನೆಲದ ಘರ್ಷಣೆ ತಾಗುವುದಿಲ್ಲ, ಪಾತ್ರ ರ‍್ಯಾಂಪ್ ಮೇಲೆ ತೇಲಿ ಏರುತ್ತದೆ. ಪಳಗಿದ ಆಟಗಾರರು ಇದನ್ನು ಬೇಕೆಂದೇ ಬಳಸುತ್ತಾರೆ. ಕೌಂಟರ್ ಸ್ಟ್ರೈಕ್‌ನ ಸರ್ಫ್ ಮ್ಯಾಪ್‌ಗಳು ನಿಂತಿರುವುದೂ ಅಂಥದೇ ಗೆರೆಯ ಮೇಲೆ. ಅಲ್ಲಿನ ರ‍್ಯಾಂಪ್‌ಗಳನ್ನು ನಿಲ್ಲಲಾಗದಷ್ಟು ಕಡಿದಾಗಿ ಕಟ್ಟಿರುತ್ತಾರೆ. ಘರ್ಷಣೆ ಇಲ್ಲದ್ದರಿಂದ ಗಳಿಸಿದ ವೇಗ ಕರಗುವುದಿಲ್ಲ, ಆಟಗಾರ ರ‍್ಯಾಂಪ್‌ನತ್ತ ಒತ್ತಿಕೊಂಡೇ ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತಾನೆ. ಅಂಥ ಗೇಮ್ ಕಟ್ಟುವವರು ಮಿತಿ ಮೀರಿದ ಮೇಲ್ಮೈಯನ್ನು ನೆಟ್ಟನೆಯ ಗೋಡೆಯಾಗಿಸುವ ಮೇಲಿನ ಮೂರು ಸಾಲುಗಳನ್ನು ಬಿಡಬೇಕು, ವೇಗ ಹೆಚ್ಚಿದಾಗ ಸ್ನ್ಯಾಪಿಂಗ್ ಅನ್ನೂ ನಿಲ್ಲಿಸಬೇಕು.