ಮೇಲ್‌ನಲ್ಲಿ ಏನು ಬರೆಯಬೇಕು, ರೆಸ್ಯೂಮೆಗೆ ಏನು ಬಿಡಬೇಕು?

ಪರೀಕ್ಷೆ ಮುಗಿದ ಮೇಲೆ ಕೆಲಸ ಹುಡುಕುವ ನಮ್ಮ ವಿದ್ಯಾರ್ಥಿಗಳು ಅರ್ಜಿಯ ಮೇಲ್ ಕಳಿಸುವ ಮುನ್ನ ನನಗೆ ತೋರಿಸುವುದುಂಟು. ಅವುಗಳಲ್ಲಿ ನಾನು ಕಾಣುವುದು ಎರಡು ಬಗೆ. ಕೆಲವರು 'ರೆಸ್ಯೂಮೆ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ' ಎಂದು ಒಂದೇ ಸಾಲು ಬರೆಯುತ್ತಾರೆ. ಇನ್ನು ಕೆಲವರು ಎಸ್ಸೆಸ್ಸೆಲ್ಸಿ ಅಂಕದಿಂದ ಹಿಡಿದು ಹವ್ಯಾಸದವರೆಗೆ ಇಡೀ ರೆಸ್ಯೂಮೆಯನ್ನೇ ಮೇಲ್‌ಗೆ ಇಳಿಸುತ್ತಾರೆ.

ಓದುವವರ ಕಡೆಯಿಂದ ನೋಡಿ. ಅಂಗಡಿ ಮಾಲೀಕರು ವ್ಯಾಪಾರದ ನಡುವೆ ಫೋನಿನಲ್ಲೇ ಮೇಲ್ ತೆರೆಯುತ್ತಾರೆ. ಮೊದಲು ಕಾಣುವುದು ಮೇಲ್‌ನ ಸಾಲುಗಳು. ಅದು ಹಿಡಿಸಿದರೆ ಮಾತ್ರ ಫೈಲ್ ತೆರೆಯುತ್ತಾರೆ. ಹಾಗಾಗಿ ಮೇಲ್‌ನ ಕೆಲಸ ಒಂದೇ: 'ಈ ಕೆಲಸಕ್ಕೆ ಇವರು ಹೊಂದುತ್ತಾರೆಯೇ?' ಎಂಬ ಪ್ರಶ್ನೆಗೆ ಉತ್ತರ ಕೊಡುವುದು.

ಯಾವ ಸಾಲು ಎಲ್ಲಿರಬೇಕೆಂದು ತಿಳಿಯಲು ನಾನು ಒಂದು ಪ್ರಶ್ನೆ ಕೇಳಿಸುತ್ತೇನೆ: ಬೇರೆ ಅಂಗಡಿಗೆ ಅರ್ಜಿ ಹಾಕಿದರೂ ಈ ಸಾಲು ಹಾಗೆಯೇ ಉಳಿಯುತ್ತದೆಯೇ? ಉಳಿಯುವುದಾದರೆ ಅದು ರೆಸ್ಯೂಮೆಗೆ. ಬದಲಾಗುವುದಾದರೆ ಮೇಲ್‌ಗೆ.

ಒಂದು ಉದಾಹರಣೆ ನೋಡೋಣ. ಇಂದಿರಾನಗರದ ಬಟ್ಟೆ ಅಂಗಡಿಯೊಂದಕ್ಕೆ ಸಂಜೆ 4ರಿಂದ 8ರವರೆಗೆ ಬಿಲ್ಲಿಂಗ್ ಸಹಾಯಕರು ಬೇಕು. ಕನ್ನಡ, ಉರ್ದು ಮಾತಾಡಲು ಬರಬೇಕು ಎಂದಿಟ್ಟುಕೊಳ್ಳಿ. ಕೆ.ಆರ್. ಪುರದ ಕಾಮರ್ಸ್ ವಿದ್ಯಾರ್ಥಿನಿ ಹೀಗೆ ಬರೆಯಬಹುದು:

'ಮಾನ್ಯರೇ, ನಿಮ್ಮ ಅಂಗಡಿಯ ಸಂಜೆ ಪಾಳಿಯ ಬಿಲ್ಲಿಂಗ್ ಕೆಲಸಕ್ಕೆ ಅರ್ಜಿ ಸಲ್ಲಿಸುತ್ತಿದ್ದೇನೆ. ದ್ವಿತೀಯ ಪಿಯು ಕಾಮರ್ಸ್ ಮುಗಿಸಿದ್ದೇನೆ. ಚಿಕ್ಕಪ್ಪನ ಅಂಗಡಿಯಲ್ಲಿ ಎರಡು ಬೇಸಿಗೆ ಕಂಪ್ಯೂಟರಿನಲ್ಲಿ ಬಿಲ್ ಹಾಕಿದ್ದೇನೆ. ಕನ್ನಡ, ಉರ್ದು ಎರಡನ್ನೂ ಚೆನ್ನಾಗಿ ಮಾತಾಡುತ್ತೇನೆ. ಮನೆ ಕೆ.ಆರ್. ಪುರ, ನೇರಳೆ ಮಾರ್ಗದ ಮೆಟ್ರೊದಲ್ಲಿ ಬದಲಿಸದೆ ಬರಬಹುದು. ಮುಂದಿನ ಸೋಮವಾರದಿಂದಲೇ ಸೇರಬಲ್ಲೆ. ರೆಸ್ಯೂಮೆ ಲಗತ್ತಿಸಿದ್ದೇನೆ.'

ಕೆಳಗೆ ಹೆಸರು, ಫೋನ್ ನಂಬರ್. ಅಷ್ಟೇ.

ಮೆಟ್ರೊ ಮಾತು ಏಕೆ? ಕೆ.ಆರ್. ಪುರದವರು ಸಂಜೆ ಟ್ರಾಫಿಕ್‌ನಲ್ಲಿ ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ ಎಂಬ ಅನುಮಾನ ಮಾಲೀಕರಿಗೆ ಬರುವುದು ಸಹಜ. ರೆಸ್ಯೂಮೆಯಲ್ಲಿ ಬರೀ ವಿಳಾಸ ಇರುತ್ತದೆ, ಅನುಮಾನಕ್ಕೆ ಉತ್ತರ ಇರುವುದಿಲ್ಲ. ಚಿಕ್ಕಪ್ಪನ ಅಂಗಡಿಯ ವಿಷಯ ಎರಡು ಕಡೆಯೂ ಬರುತ್ತದೆ: ಮೇಲ್‌ನಲ್ಲಿ ಒಂದು ಸಾಲು, ರೆಸ್ಯೂಮೆಯಲ್ಲಿ ಯಾವ ವರ್ಷ, ಏನೇನು ಕೆಲಸ ಎಂಬ ವಿವರ. ಅಂಕಗಳು, ಕಂಪ್ಯೂಟರ್ ಕೋರ್ಸ್, ಬಹುಮಾನಗಳು ರೆಸ್ಯೂಮೆಯಲ್ಲೇ ಇರಲಿ. ಆದರೆ ಜಾಹೀರಾತು 'ಅಕೌಂಟೆನ್ಸಿಯಲ್ಲಿ ಶೇ. 70 ಬೇಕು' ಎಂದು ಕೇಳಿದ್ದರೆ ಆ ಒಂದು ಅಂಕ ಮೇಲ್‌ಗೆ ಬರಬೇಕು. ಫೋನ್ ನಂಬರ್ ಮಾತ್ರ ಎರಡರಲ್ಲೂ ಇರಲಿ. ಫೈಲ್ ಒಂದನ್ನೇ ಇನ್ನೊಬ್ಬರಿಗೆ ಕಳಿಸಿದರೂ ನೀವು ಸಿಗಬೇಕು. ಆಧಾರ್ ನಂಬರ್ ಎರಡರಲ್ಲೂ ಬೇಡ.

ಕಳಿಸುವ ಮುನ್ನ ಫೈಲ್ ತೆರೆಯದೆ ಮೇಲ್ ಒಂದನ್ನೇ ಮನೆಯವರಿಗೆ ಓದಲು ಕೊಡಿ. ಯಾವ ಕೆಲಸ, ನಿಮಗೇ ಏಕೆ, ಯಾವಾಗಿನಿಂದ ಎಂಬುದನ್ನು ಅವರು ಹೇಳಿದರೆ ಮೇಲ್ ಸರಿಯಾಗಿದೆ. ಹೇಳಲಾಗದಿದ್ದರೆ, ಇಲ್ಲಿರಬೇಕಾದ ಸಾಲು ರೆಸ್ಯೂಮೆಯೊಳಗೇ ಉಳಿದಿದೆ ಎಂದರ್ಥ.