‘ಪಿಪಿಡಿ ಫ್ರೀ’ ಅಂದ್ರೆ ಏನು ಫ್ರೀ?

ಹೇರ್ ಡೈ ಡಬ್ಬಿಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಬರೆದಿರ್ತಾರೆ: ಅಮೋನಿಯಾ ಫ್ರೀ, ಪಿಪಿಡಿ ಫ್ರೀ, ಹರ್ಬಲ್. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಳಗೆ ಏನೇನಿದೆ ಅನ್ನೋ ಪಟ್ಟಿ ಇರುತ್ತೆ. ಮುಂಭಾಗವನ್ನು ಓದಿ ದುಡ್ಡು ಕೊಡ್ತೀವಿ, ಹಿಂಭಾಗವನ್ನು ತಿರುಗಿಸಿಯೂ ನೋಡಲ್ಲ. ಫಸ್ಟ್ ಇಯರ್ ಕೆಮಿಸ್ಟ್ರಿ ಪಾಸಾದ ನಮಗೆ ಆ ಪಟ್ಟಿ ಓದೋದು ಕಷ್ಟವೇನಲ್ಲ. ಹುಡುಕಬೇಕಾದ್ದು ಎರಡೇ ಹೆಸರು: ಪ್ಯಾರಾ-ಫೆನಿಲೀನ್‌ಡಯಮೀನ್, ಅಂದ್ರೆ ಪಿಪಿಡಿ, ಮತ್ತು ರಿಸಾರ್ಸಿನಾಲ್. ಇವೆರಡೂ ಒಟ್ಟಿಗೆ ಏನು ಮಾಡ್ತಾವೆ ಅಂತ ಗೊತ್ತಾದ್ರೆ, ‘ಪಿಪಿಡಿ ಫ್ರೀ’ ಅನ್ನೋ ಮಾತು ಎಷ್ಟು ನಿಜ, ಎಷ್ಟು ಅರ್ಧಸತ್ಯ ಅನ್ನೋದು ತಾನಾಗಿ ತಿಳಿಯುತ್ತೆ.

ಬಣ್ಣ ಹುಟ್ಟೋದು ಕೂದಲಿನ ಒಳಗೆ

ಪರ್ಮನೆಂಟ್ ಡೈ ಟ್ಯೂಬಿನಲ್ಲಿ ಕಪ್ಪು ಬಣ್ಣ ಇರೋದೇ ಇಲ್ಲ. ಕ್ರೀಮ್ ಹೆಚ್ಚುಕಮ್ಮಿ ಬಿಳಿಯಾಗಿರುತ್ತೆ. ಡೆವಲಪರ್ ಬೆರೆಸಿದ ಮೇಲೆ ಅದು ನಿಧಾನವಾಗಿ ಕಪ್ಪಾಗೋದನ್ನು ನೀವೂ ನೋಡಿರಬಹುದು. ಅಲ್ಲಿ ನಡೆಯೋದು ಒಂದು ಆಕ್ಸಿಡೇಶನ್ ಕ್ರಿಯೆ.

ಪಿಪಿಡಿ ಅಂದ್ರೆ ಒಂದು ಬೆಂಜೀನ್ ಉಂಗುರ, ಅದರ ಎದುರುಬದುರು ತುದಿಗಳಲ್ಲಿ ಎರಡು ಅಮೈನ್ ಗುಂಪು. ಸೂತ್ರ C6H4(NH2)2. ಇಷ್ಟು ಚಿಕ್ಕ ಅಣು ಕೂದಲಿನೊಳಗೆ ಸಲೀಸಾಗಿ ನುಸುಳುತ್ತೆ. ಡೆವಲಪರ್‌ನಲ್ಲಿರೋ ಹೈಡ್ರೋಜನ್ ಪೆರಾಕ್ಸೈಡ್ ಅದನ್ನು ಕ್ವಿನೋನ್ ಡೈಇಮೀನ್ ಅನ್ನೋ ಚುರುಕಾದ ಅಣುವನ್ನಾಗಿ ಮಾಡುತ್ತೆ. ಈ ಅಣು ಸುಮ್ಮನಿರಲ್ಲ, ಪಕ್ಕದಲ್ಲಿ ಯಾರು ಸಿಕ್ಕರೂ ಅಂಟಿಕೊಳ್ಳುತ್ತೆ. ಆಗ ಪಕ್ಕದಲ್ಲಿ ಇರಲಿ ಅಂತಲೇ ತಯಾರಕರು ಹಾಕಿರೋ ಅಣುವಿಗೆ ಕಪ್ಲರ್ ಅಂತ ಹೆಸರು. ರಿಸಾರ್ಸಿನಾಲ್ ಬಹಳ ಹಳೆಯ, ಬಹಳ ಬಳಕೆಯ ಕಪ್ಲರ್. ಇಬ್ಬರೂ ಸೇರಿದಾಗ ದೊಡ್ಡದೊಂದು ಬಣ್ಣದ ಅಣು ಹುಟ್ಟಿ ಕೂದಲಿನೊಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಶಾಂಪೂ ಹಾಕಿದ್ರೂ ಹೋಗದಿರೋದು ಇದಕ್ಕೇ.

ಪಿಪಿಡಿ ಜೊತೆ ರಿಸಾರ್ಸಿನಾಲ್ ಸೇರಿದ್ರೆ ಹಸಿರು ಛಾಯೆಯ ಕಂದು ಬರುತ್ತೆ. ಕಪ್ಲರ್ ಬದಲಾದ್ರೆ ಕೆಂಪು, ನೀಲಿ ಛಾಯೆಗಳು ಬರುತ್ತವೆ. ಡಬ್ಬಿ ಮೇಲಿನ ‘ನ್ಯಾಚುರಲ್ ಬ್ರೌನ್’, ‘ಬರ್ಗಂಡಿ’ ಎಲ್ಲ ಈ ಜೋಡಿಗಳ ಆಟ.

ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಡೈ ಒಳಗೆ ರಿಸಾರ್ಸಿನಾಲ್ ಒಂಟಿಯಾಗಿ ಕಪ್ಪು, ಕಂದು ಬಣ್ಣ ಕೊಡಲಾರದು. ಅದಕ್ಕೊಬ್ಬ ಜೊತೆಗಾರ ಬೇಕೇ ಬೇಕು. ಹಾಗಾಗಿ ಪಟ್ಟಿಯಲ್ಲಿ ರಿಸಾರ್ಸಿನಾಲ್ ಕಂಡ್ರೆ, ಪಿಪಿಡಿಯೋ ಅದರ ನೆಂಟನೋ ಅದೇ ಪಟ್ಟಿಯಲ್ಲಿ ಎಲ್ಲೋ ಕೂತಿದ್ದಾನೆ ಅಂತ ಅರ್ಥ.

ಅಲರ್ಜಿ ಆಗೋದೂ ಅದೇ ಗುಣದಿಂದ

ಆ ಚುರುಕಾದ ಅಣುವಿಗೆ ಕಪ್ಲರ್ ಯಾವುದು, ನೆತ್ತಿಯ ಚರ್ಮದ ಪ್ರೋಟೀನ್ ಯಾವುದು ಅನ್ನೋ ಭೇದ ಇಲ್ಲ. ಪ್ರೋಟೀನಿಗೂ ಅಂಟಿಕೊಳ್ಳುತ್ತೆ. ಹಾಗೆ ಅಂಟಿದ ಪ್ರೋಟೀನನ್ನು ಕೆಲವರ ದೇಹ ‘ಇದು ನಮ್ಮದಲ್ಲ’ ಅಂತ ಗುರುತು ಹಾಕಿಕೊಳ್ಳುತ್ತೆ. ಮೊದಲ ಸಲ ಸಾಮಾನ್ಯವಾಗಿ ಏನೂ ಆಗಲ್ಲ. ಎಷ್ಟೋ ವರ್ಷ ಹಚ್ಚಿದ ಮೇಲೆ ಒಂದು ದಿನ ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ ತುರಿಕೆ ಶುರುವಾಗುತ್ತೆ, ರೆಪ್ಪೆ ಊದಿಕೊಳ್ಳುತ್ತೆ. “ಇಪ್ಪತ್ತು ವರ್ಷದಿಂದ ಇದೇ ಡೈ ಹಾಕ್ತಿದೀನಿ, ಇವತ್ತೇನಾಯ್ತು” ಅಂತ ದೊಡ್ಡವರು ಹೇಳೋದು ಇದಕ್ಕೇ. ದೇಹ ಒಮ್ಮೆ ಹಾಗೆ ಗುರುತು ಹಾಕಿಕೊಂಡ್ರೆ ಸಾಮಾನ್ಯವಾಗಿ ಜೀವಮಾನ ಪೂರ್ತಿ ಮರೆಯಲ್ಲ.

ರಿಸಾರ್ಸಿನಾಲ್‌ಗೂ ಅಲರ್ಜಿ ಆಗಬಹುದು, ಆದ್ರೆ ಪಿಪಿಡಿಗಿಂತ ತುಂಬಾ ಅಪರೂಪ. ಅದರ ಮೇಲಿರೋ ಇನ್ನೊಂದು ದೂರು ಥೈರಾಯ್ಡ್‌ಗೆ ಸಂಬಂಧಿಸಿದ್ದು. ಹಿಂದೆ ಕಾಲಿನ ಹುಣ್ಣಿಗೆ ರಿಸಾರ್ಸಿನಾಲ್ ಮುಲಾಮನ್ನು ಬಹಳ ದಿನ, ಬಹಳ ಪ್ರಮಾಣದಲ್ಲಿ ಹಚ್ಚಿದವರಲ್ಲಿ ಥೈರಾಯ್ಡ್ ಕುಂದಿದ ಪ್ರಕರಣಗಳು ದಾಖಲಾಗಿವೆ. ಡೈ ಮೂಲಕ ಮೈಗೆ ಸೇರೋ ಪ್ರಮಾಣ ಅದಕ್ಕಿಂತ ಬಹಳ ಕಮ್ಮಿ.

ಯುರೋಪಿನಲ್ಲಿ ಎರಡಕ್ಕೂ ಮಿತಿ ಇದೆ. ಬೆರೆಸಿ ತಲೆಗೆ ಹಚ್ಚೋ ಮಿಶ್ರಣದಲ್ಲಿ ಪಿಪಿಡಿ ಶೇ. 2, ರಿಸಾರ್ಸಿನಾಲ್ ಶೇ. 1.25 ಮೀರಬಾರದು. ‘ಬೆರೆಸಿದ ಮೇಲೆ’ ಅನ್ನೋದು ಮುಖ್ಯ: ಕ್ರೀಮ್, ಡೆವಲಪರ್ ಸಮಸಮ ಬೆರೆಸೋದಾದ್ರೆ ಟ್ಯೂಬಿನಲ್ಲಿ ಶೇ. 4 ಪಿಪಿಡಿ ಇದ್ದರೂ ತಲೆ ಮೇಲೆ ಶೇ. 2 ಆಗುತ್ತೆ. ಆದ್ರೆ ಈ ಮಿತಿಗಳು ಇನ್ನೂ ಅಲರ್ಜಿ ಇಲ್ಲದವರನ್ನು ಲೆಕ್ಕದಲ್ಲಿಟ್ಟು ಮಾಡಿದ್ದು. ಈಗಾಗಲೇ ಅಲರ್ಜಿ ಆಗಿರೋರಿಗೆ ಇದಕ್ಕಿಂತ ತೀರಾ ಕಮ್ಮಿ ಪ್ರಮಾಣವೂ ಸಾಕು.

ಒಂದು ಪಟ್ಟಿ ಓದೋಣ

ಮನೆಯಲ್ಲಿ ಅಪ್ಪನಿಗೆ ಹಳೆಯ ಡೈನಿಂದ ತುರಿಕೆ ಬಂದಿದೆ, ಡಾಕ್ಟರು ಪಿಪಿಡಿ ಅಲರ್ಜಿ ಅಂದಿದ್ದಾರೆ ಅಂತಿಟ್ಟುಕೊಳ್ಳಿ. ಮಗ ಅಥವಾ ಮಗಳು ಹಾಸ್ಟೆಲ್‌ನಿಂದಲೇ ‘ಪಿಪಿಡಿ ಫ್ರೀ, ಡಾರ್ಕ್ ಬ್ರೌನ್’ ಅಂತ ಹುಡುಕಿ ಆರ್ಡರ್ ಮಾಡೋಕೆ ಹೊರಟಿದ್ದಾರೆ. ಸ್ಕ್ರೀನ್ ಮೇಲೆ ಇಂಥದ್ದೊಂದು ಪಟ್ಟಿ ಕಾಣುತ್ತೆ. ಇದು ಯಾವ ಕಂಪನಿಯದ್ದೂ ಅಲ್ಲ, ಮಾದರಿಗಾಗಿ ನಾವೇ ಬರೆದದ್ದು:

```
Aqua, Cetearyl Alcohol, Ethanolamine, Propylene Glycol,
Oleic Acid, Toluene-2,5-Diamine Sulfate, Resorcinol,
m-Aminophenol, Sodium Sulfite, Tetrasodium EDTA, Parfum
```

ಪಿಪಿಡಿ ಹೆಸರು ಎಲ್ಲೂ ಇಲ್ಲ. ಡಬ್ಬಿ ಹೇಳಿದ್ದು ಸುಳ್ಳಲ್ಲ. ಆದ್ರೆ ರಿಸಾರ್ಸಿನಾಲ್ ಇದೆ. ಹಾಗಾದ್ರೆ ಅದರ ಜೊತೆಗಾರ ಎಲ್ಲಿ? ಪಕ್ಕದಲ್ಲೇ ಇದೆ: ಟಾಲ್ಯೂಯಿನ್-2,5-ಡಯಮೀನ್ ಸಲ್ಫೇಟ್. ಪಿಪಿಡಿ ಉಂಗುರಕ್ಕೆ ಒಂದು ಮೀಥೈಲ್ ಗುಂಪು ಅಂಟಿಸಿದ್ರೆ ಸಿಗೋ ಅಣು ಇದು, ಚಿಕ್ಕದಾಗಿ ಪಿಟಿಡಿ ಅಂತಾರೆ. ಎರಡು ಅಮೈನ್ ಗುಂಪು ಅದೇ ಎದುರುಬದುರು ಜಾಗದಲ್ಲೇ ಇವೆ. ಕೆಲಸವೂ ಅದೇ, ಪೆರಾಕ್ಸೈಡ್ ಸಿಕ್ಕಾಗ ಆಗೋ ಚುರುಕೂ ಅದೇ ಬಗೆಯದ್ದು. ಹಾಗಾಗಿ ಪಿಪಿಡಿ ಅಲರ್ಜಿ ಇರೋ ಎಷ್ಟೋ ಜನರ ದೇಹ ಪಿಟಿಡಿಯನ್ನೂ ಹಳೆಯ ವೈರಿ ಅಂತಲೇ ತಿಳಿದು ಪ್ರತಿಕ್ರಿಯಿಸುತ್ತೆ. ಕೆಲವರಿಗೆ ಏನೂ ಆಗಲ್ಲ, ಅದೂ ನಿಜ. ಅಪ್ಪ ಯಾವ ಗುಂಪಿಗೆ ಸೇರಿದವರು ಅನ್ನೋದನ್ನು ಡಬ್ಬಿ ಹೇಳಲಾರದು. ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತೆ.

ಪಟ್ಟಿಯಲ್ಲಿ ಎಥನಾಲಮೀನ್ ನೋಡಿದ್ರಾ? ‘ಅಮೋನಿಯಾ ಫ್ರೀ’ ಅಂದ್ರೆ ಬಹುತೇಕ ಇದೇ. ಕೂದಲಿನ ಪದರ ತೆರೆಯೋಕೆ ಕ್ಷಾರ ಬೇಕು. ಅಮೋನಿಯಾ ಬದಲು ಮೂಗಿಗೆ ಹೊಡೆಯದ ಇನ್ನೊಂದು ಕ್ಷಾರ ಹಾಕಿರ್ತಾರೆ. ವಾಸನೆ ಹೋಯ್ತು, ಅಲರ್ಜಿಯ ಲೆಕ್ಕ ಎಲ್ಲಿತ್ತೋ ಅಲ್ಲೇ ಇದೆ.

ಪಟ್ಟಿಯ ಕೊನೆಯಲ್ಲಿದ್ರೆ ಪ್ರಮಾಣ ತೀರಾ ಕಮ್ಮಿ ಅಂದ್ಕೊಳ್ಳೋದೂ ಬೇಡ. ಶೇ. 1ಕ್ಕಿಂತ ಹೆಚ್ಚಿರೋದನ್ನು ಮಾತ್ರ ಇಳಿಕೆ ಕ್ರಮದಲ್ಲಿ ಬರೀಬೇಕು. ಅದಕ್ಕಿಂತ ಕಮ್ಮಿ ಇರೋದನ್ನು ಹೇಗೆ ಬೇಕಾದ್ರೂ ಜೋಡಿಸಬಹುದು.

ಹುಡುಕೋದು ಹೇಗೆ

ಪಿಪಿಡಿಗೇ ಬೇರೆ ಬೇರೆ ವೇಷಗಳಿವೆ. ಇವೆಲ್ಲ ಒಂದೇ, ಅಥವಾ ಅದರ ಲವಣಗಳು:

```
p-Phenylenediamine
p-Phenylenediamine HCl, p-Phenylenediamine Sulfate
1,4-Diaminobenzene, 1,4-Benzenediamine
CAS 106-50-3
```

ಇಷ್ಟೆಲ್ಲ ಬಾಯಿಪಾಠ ಮಾಡೋದು ಬೇಡ. ಪಟ್ಟಿ ಪಠ್ಯರೂಪದಲ್ಲಿದ್ರೆ ಪೇಜಿನಲ್ಲಿ ಮೂರು ತುಣುಕು ಹುಡುಕಿ: `diamin`, `aminophenol`, `resorcinol`. ಮೊದಲನೆಯದು ಪಿಪಿಡಿ, ಪಿಟಿಡಿ, ಅವುಗಳ ನೆಂಟರಿಷ್ಟರನ್ನೆಲ್ಲ ಹಿಡಿಯುತ್ತೆ. ಎರಡನೆಯದರಲ್ಲಿ `p-` ಇದ್ರೆ ಅದು ಪಿಪಿಡಿಯ ಜಾಗದಲ್ಲಿ ಕೂರೋ ಅಣು, `m-` ಇದ್ರೆ ಕಪ್ಲರ್. ಮೂರನೆಯದು ಸಿಕ್ಕಿ ಮೊದಲೆರಡು ಸಿಗದಿದ್ರೆ ಪಟ್ಟಿ ಅಪೂರ್ಣ ಅಂತ ಅನುಮಾನಪಡಿ. ಆನ್‌ಲೈನಿನಲ್ಲಿ ‘ಮುಖ್ಯ ಅಂಶಗಳು: ನೆಲ್ಲಿಕಾಯಿ, ಭೃಂಗರಾಜ’ ಅಂತಷ್ಟೇ ಬರೆದಿರೋದು ಪಟ್ಟಿ ಅಲ್ಲ. ಡಬ್ಬಿಯ ಹಿಂಭಾಗದ ಫೋಟೋ ಸಿಗೋವರೆಗೂ ಕಾಯಿರಿ.

ಪಟ್ಟಿಯೇ ಇಲ್ಲದಿದ್ದಾಗ ಉಪಯೋಗಕ್ಕೆ ಬರೋದು ಗಡಿಯಾರ. ಬರೀ ಮದರಂಗಿ ಕೂದಲಿಗೆ ಕಪ್ಪು ಕೊಡಲ್ಲ, ಅದರ ಲಾಸೋನ್ ಅನ್ನೋ ಅಣು ಕೊಡೋದು ಕಿತ್ತಳೆ-ಕೆಂಪು. ಮದರಂಗಿ ಮೇಲೆ ನೀಲಿ ಗಿಡದ ಎಲೆಪುಡಿ ಹಚ್ಚಿ ಕಪ್ಪು ತರಬಹುದು, ಆದ್ರೆ ಅದು ಗಂಟೆಗಟ್ಟಲೆ ಕೆಲಸ. ನೀರಲ್ಲಿ ಕಲಸಿ ಹಚ್ಚಿದ ಅರ್ಧ ಗಂಟೆಯಲ್ಲಿ ‘ಹರ್ಬಲ್’ ಪುಡಿ ಕಡುಕಪ್ಪು ಕೊಟ್ರೆ ಅದರೊಳಗೆ ಪಿಪಿಡಿ ಇದೆ ಅಂತಲೇ ಅನುಮಾನಿಸಬೇಕು. ಇಂಥ ಪುಡಿಗಳಲ್ಲಿ ಪೆರಾಕ್ಸೈಡ್ ಕೂಡ ಒಣ ರೂಪದಲ್ಲಿ, ಬೇರಿಯಂ ಪೆರಾಕ್ಸೈಡ್ ಅಂತ, ಒಳಗೇ ಇರೋದುಂಟು. ಮದುವೆಮನೆ, ಜಾತ್ರೆಗಳಲ್ಲಿ ಕೈಗೆ ಹಾಕೋ ‘ಕಪ್ಪು ಮೆಹಂದಿ’ಯದ್ದೂ ಇದೇ ಕಥೆ. ಅದರಿಂದ ಹುಡುಗಪ್ರಾಯದಲ್ಲೇ ಅಲರ್ಜಿ ಅಂಟಿಸಿಕೊಂಡು, ಆಮೇಲೆ ಮೊದಲ ಸಲ ಡೈ ಹಾಕಿದಾಗ ಮುಖ ಊದಿಸಿಕೊಳ್ಳೋರಿದ್ದಾರೆ.

ಫೆಸ್ಟ್‌ಗೆ ನೀಲಿ, ಗುಲಾಬಿ ಹಚ್ಚೋರ ಲೆಕ್ಕ ಬೇರೆ. ಡೆವಲಪರ್ ಬೇಡದ, ಒಂದೇ ಬಾಟಲಿಯ ಬಣ್ಣಗಳಲ್ಲಿ ಸಾಮಾನ್ಯವಾಗಿ `Basic Blue 99` ಥರದ ಸಿದ್ಧ ಬಣ್ಣ ಇರುತ್ತೆ. ಅದಕ್ಕೆ ಪಿಪಿಡಿಯೂ ಬೇಡ, ಜೊತೆಗಾರನೂ ಬೇಡ, ಆದ್ರೆ ಕೆಲವೇ ಸ್ನಾನಕ್ಕೆ ಮಾಸುತ್ತೆ. ‘ಪಿಪಿಡಿ ಫ್ರೀ’ ಮಾತಿಗೆ ಹೆಚ್ಚು ತೂಕ ಇರೋದು ಇಲ್ಲಿ. ಡಬ್ಬಿಯಲ್ಲಿ ಎರಡು ಭಾಗ ಇದ್ದು, ಬೆರೆಸೋಕೆ ಹೇಳಿದ್ರೆ, ಪಿಪಿಡಿ ಜಾಗದಲ್ಲಿ ಯಾರು ಬಂದು ಕೂತಿದ್ದಾರೆ ಅಂತ ಕೇಳಲೇಬೇಕು.

ಟೆಸ್ಟ್ ಎಷ್ಟು ಹೊತ್ತು?

ಡಬ್ಬಿಯೊಳಗಿನ ಚೀಟಿ ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ ಅನ್ನುತ್ತೆ. ನಮ್ಮಲ್ಲಿ ಸಾಮಾನ್ಯವಾಗಿ 24 ಗಂಟೆ ಅಂತಿರುತ್ತೆ, ಯುರೋಪಿನ ಡಬ್ಬಿಗಳಲ್ಲಿ 48. ಈ ಅಲರ್ಜಿ ತಡವಾಗಿ ಏಳುವ ಬಗೆಯದ್ದು, ಎಷ್ಟೋ ಸಲ ಎರಡನೇ, ಮೂರನೇ ದಿನ ಜೋರಾಗುತ್ತೆ. ಹಾಗಾಗಿ 48 ಗಂಟೆ ಕಾಯೋದು ಮೇಲು. ಪ್ರತಿ ಸಲವೂ ಮಾಡಬೇಕು, ಯಾಕಂದ್ರೆ ಹೋದ ಸಲ ಇಲ್ಲದ ಅಲರ್ಜಿ ಈ ಸಲ ಇರಬಹುದು. ಮೊದಲೇ ಡಾಕ್ಟರು ಅಲರ್ಜಿ ಅಂದವರು ಮನೆಯಲ್ಲಿ ಈ ಪ್ರಯೋಗ ಮಾಡೋದೇ ಬೇಡ. ಹಚ್ಚಿದ ಮೇಲೆ ಉರಿ, ತುರಿ ಬಂದ್ರೆ ತಕ್ಷಣ ಚೆನ್ನಾಗಿ ತೊಳೀಬೇಕು. ಮುಖ ಊದಿದ್ರೆ, ಉಸಿರು ಕಟ್ಟಿದ್ರೆ ನೇರ ಆಸ್ಪತ್ರೆಗೆ, ಡಬ್ಬಿ ಸಮೇತ. ಹಿಂಭಾಗದ ಆ ಸಣ್ಣಕ್ಷರದ ಪಟ್ಟಿ ಆಗ ಡಾಕ್ಟರಿಗೆ ಬೇಕಾಗುತ್ತೆ.